ಹಾಸಿಗೆಯ ಬಳಿಗೆ, ಬ್ಯಾರಕ್ಕಿನ ಒಳಗೆ: ಪರೀಕ್ಷೆ ನಡೆಯುವ ಬಗೆ

2023ರ ಮಾರ್ಚ್ ತಿಂಗಳು. ಮುಂಬಯಿಯ ಬಾಂದ್ರಾದಲ್ಲಿ ಹತ್ತನೆಯ ತರಗತಿಯ ಒಬ್ಬ ವಿದ್ಯಾರ್ಥಿನಿ ಒಂದು ವಿಷಯದ ಪರೀಕ್ಷೆ ಮುಗಿಸಿ ಹೊರಬಂದಳು. ರಸ್ತೆ ದಾಟುವಾಗ ಕಾರು ಬಡಿದು ಕಾಲಿಗೆ ಪೆಟ್ಟಾಯಿತು, ಶಸ್ತ್ರಚಿಕಿತ್ಸೆಯೂ ಆಯಿತು. ಇನ್ನೂ ಕೆಲವು ವಿಷಯಗಳ ಪರೀಕ್ಷೆ ಬಾಕಿ ಇತ್ತು. ಶಾಲೆಯವರು ಮಂಡಳಿಯ ಅನುಮತಿ ಪಡೆದರು. ಪರೀಕ್ಷೆಯ ದಿನ ಆಕೆಯನ್ನು ಹೊತ್ತ ಆಂಬುಲೆನ್ಸ್ ಪರೀಕ್ಷಾ ಕೇಂದ್ರಕ್ಕೆ ಬಂದು ನಿಂತಿತು. ಒಳಗೆ ಮಲಗಿದ್ದ ಹುಡುಗಿ ಉತ್ತರ ಹೇಳುತ್ತಾ ಹೋದಳು, ಅವಳಿಗಿಂತ ಕೆಳಗಿನ ತರಗತಿಯ ಹುಡುಗಿಯೊಬ್ಬಳು ಲಿಪಿಕಾರಳಾಗಿ ಬರೆಯುತ್ತಾ ಹೋದಳು. ಮೇಲ್ವಿಚಾರಕರು ಜೊತೆಗಿದ್ದರು.

ಪತ್ರಿಕೆಗಳಲ್ಲಿ ಈ ಸುದ್ದಿ ಆ ಹುಡುಗಿಯ ಧೈರ್ಯದ ಕಥೆಯಾಗಿ ಬಂತು. ಧೈರ್ಯ ಅಲ್ಲಿ ಖಂಡಿತ ಇತ್ತು. ಆದರೆ ಪರೀಕ್ಷೆ ನಡೆಸುವವರ ಕಣ್ಣಿನಿಂದ ನೋಡಿದರೆ ಬೇರೊಂದು ಪ್ರಶ್ನೆ ಏಳುತ್ತದೆ. ಕಾಲಿಗೆ ಶಸ್ತ್ರಚಿಕಿತ್ಸೆಯಾದ ಮಗುವನ್ನು ವಾಹನದಲ್ಲಿ ಹೊತ್ತು ತರುವ ಬದಲು ಅವಳು ಮಲಗಿದ್ದಲ್ಲಿಗೇ ಒಂದು ಪ್ರಶ್ನೆಪತ್ರಿಕೆಯನ್ನು ಏಕೆ ಕಳಿಸಲಿಲ್ಲ? ಕಾಗದ ಹಗುರ, ರೋಗಿ ಭಾರ. ಹಾಗಿದ್ದರೂ ಚಲಿಸಿದ್ದು ರೋಗಿಯೇ.

ಇದಕ್ಕೆ ಉತ್ತರ ಪ್ರಶ್ನೆಪತ್ರಿಕೆಯ ದಾರಿಯಲ್ಲಿದೆ. ಕರ್ನಾಟಕದ ಎಸ್ಸೆಸ್ಸೆಲ್ಸಿ ಪರೀಕ್ಷೆಯನ್ನೇ ನೋಡಬಹುದು. ಮುದ್ರಣವಾದ ಪತ್ರಿಕೆಗಳ ಮೊಹರು ಹಾಕಿದ ಬಂಡಲ್‌ಗಳು ಖಜಾನೆಯ ಭದ್ರತಾ ಕೊಠಡಿಗೆ ಬರುತ್ತವೆ. ಪರೀಕ್ಷೆಯ ಬೆಳಿಗ್ಗೆ ಆ ದಿನದ ವಿಷಯದ ಬಂಡಲ್‌ಗಳನ್ನು ಮಾತ್ರ ಹೊರತೆಗೆದು ಮಾರ್ಗಾಧಿಕಾರಿಗಳ ಕೈಗೆ ಒಪ್ಪಿಸುತ್ತಾರೆ. ಪೊಲೀಸ್ ಕಾವಲಿನ ವಾಹನ ನಿಗದಿತ ದಾರಿಯಲ್ಲಿ ಕೇಂದ್ರದಿಂದ ಕೇಂದ್ರಕ್ಕೆ ಹೋಗುತ್ತದೆ. ಪ್ರತಿ ಕೇಂದ್ರದಲ್ಲೂ ಪ್ರಶ್ನೆಪತ್ರಿಕೆ ಅಭಿರಕ್ಷಕರು ಸಹಿ ಹಾಕಿ ಪಡೆಯುತ್ತಾರೆ, ಮುಖ್ಯ ಅಧೀಕ್ಷಕರ ಎದುರಿನಲ್ಲಿ ಮೊಹರು ಪರಿಶೀಲನೆಯಾಗುತ್ತದೆ, ಕೊಠಡಿ ಮೇಲ್ವಿಚಾರಕರು ತಮ್ಮ ಕೊಠಡಿಗೆ ಬೇಕಾದಷ್ಟನ್ನು ಎಣಿಸಿಕೊಂಡು ಹೋಗುತ್ತಾರೆ. ಮುಗಿದ ಮೇಲೆ ಉತ್ತರಪತ್ರಿಕೆಗಳ ಬಂಡಲ್ ಇದೇ ಬಗೆಯ ಸಹಿಗಳ ಜೊತೆಗೆ ಹಿಂದಕ್ಕೆ ಹೊರಡುತ್ತದೆ.

ಈ ದಾರಿಯ ಪ್ರತಿ ತಿರುವಿನಲ್ಲೂ ಒಬ್ಬ ಸಾಕ್ಷಿ ಇದ್ದಾರೆ. ಪತ್ರಿಕೆಯನ್ನು ಯಾರು ಕೊಟ್ಟರು, ಯಾರು ಪಡೆದರು, ಎಷ್ಟು ಗಂಟೆಗೆ ತೆರೆದರು, ತೆರೆದಾಗ ಯಾರಿದ್ದರು ಎಂಬ ಪ್ರಶ್ನೆಗಳಿಗೆ ಕಾಗದದ ಮೇಲೆ ಉತ್ತರ ಇರುತ್ತದೆ. ಆದ್ದರಿಂದ ಆಸ್ಪತ್ರೆಗೆ ಒಂದು ಪ್ರಶ್ನೆಪತ್ರಿಕೆ ಕಳಿಸುವುದೆಂದರೆ ಒಂದು ಕಾಗದವನ್ನು ಕಳಿಸಿದಂತಲ್ಲ. ಅದರ ಜೊತೆಗೆ ಆ ಸಾಕ್ಷಿಗಳ ಸಾಲನ್ನೂ ಕಳಿಸಬೇಕಾಗುತ್ತದೆ. ಮುಂಬಯಿಯ ಆಂಬುಲೆನ್ಸ್ ಈ ಕಷ್ಟವನ್ನು ತಪ್ಪಿಸಿತು. ಹುಡುಗಿಯೇ ಕೇಂದ್ರಕ್ಕೆ ಬಂದದ್ದರಿಂದ ಪತ್ರಿಕೆ ಅಲ್ಲಿಂದ ದೂರ ಹೋಗುವ ಪ್ರಮೇಯವೇ ಬರಲಿಲ್ಲ, ಹಳೆಯ ಸಾಲಿಗೆ ಹೊಸದಾಗಿ ಯಾರನ್ನೂ ಸೇರಿಸಬೇಕಾಗಲಿಲ್ಲ.

ಅಭ್ಯರ್ಥಿಯನ್ನು ಪತ್ರಿಕೆಯ ಬಳಿಗೆ ತರುವುದು ಒಂದು ದಾರಿ. ಪತ್ರಿಕೆಯನ್ನು ಅಭ್ಯರ್ಥಿಯ ಬಳಿಗೆ ಒಯ್ಯುವುದು ಇನ್ನೊಂದು. ಅಭ್ಯರ್ಥಿ ಇರುವ ಜಾಗವನ್ನೇ ಪರೀಕ್ಷಾ ಕೇಂದ್ರ ಮಾಡಿಬಿಡುವುದು ಮೂರನೆಯದು. ಆಸ್ಪತ್ರೆ ಮತ್ತು ಜೈಲುಗಳಲ್ಲಿ ನಡೆಯುವ ಪರೀಕ್ಷೆಗಳೆಲ್ಲ ಈ ಮೂರರಲ್ಲಿ ಒಂದನ್ನು ಹಿಡಿದಿರುತ್ತವೆ.

ಎರಡನೆಯ ದಾರಿಯನ್ನು ಬಹಳ ವಿವರವಾಗಿ ಬರೆದಿಟ್ಟವರು ಬ್ರಿಟನ್ನಿನವರು. ಅಲ್ಲಿ ಹದಿನಾರರ ವಯಸ್ಸಿನ ಮಕ್ಕಳು ಬರೆಯುವ ಜಿಸಿಎಸ್ಇ ಮತ್ತು ಹದಿನೆಂಟರ ಹೊತ್ತಿಗೆ ಬರೆಯುವ ಎ ಲೆವೆಲ್ ಪರೀಕ್ಷೆಗಳನ್ನು ಬೇರೆ ಬೇರೆ ಮಂಡಳಿಗಳು ನಡೆಸುತ್ತವೆ. ಆ ಮಂಡಳಿಗಳೆಲ್ಲ ಸೇರಿ ಮಾಡಿಕೊಂಡ ಒಕ್ಕೂಟ ಜಾಯಿಂಟ್ ಕೌನ್ಸಿಲ್ ಫಾರ್ ಕ್ವಾಲಿಫಿಕೇಷನ್ಸ್, ಅಂದರೆ ಜೆಸಿಕ್ಯೂ. ಪರೀಕ್ಷೆ ನಡೆಸುವ ನಿಯಮಗಳ ಕೈಪಿಡಿಯನ್ನು ಅದು ಪ್ರತಿ ಶೈಕ್ಷಣಿಕ ವರ್ಷಕ್ಕೂ ಹೊಸದಾಗಿ ಪ್ರಕಟಿಸುತ್ತದೆ. ಶಾಲೆಯ ಕಟ್ಟಡದ ಹೊರಗೆ, ಮನೆಯಲ್ಲೋ ಆಸ್ಪತ್ರೆಯಲ್ಲೋ ಪರೀಕ್ಷೆ ನಡೆಯಬೇಕಾದರೆ ಅದನ್ನು ಬದಲಿ ಸ್ಥಳದ ವ್ಯವಸ್ಥೆ ಎಂದು ಕರೆದು ಅದಕ್ಕೆ ಪ್ರತ್ಯೇಕ ನಿಯಮಗಳನ್ನು ಕೊಡಲಾಗಿದೆ.

ಒಂದು ಉದಾಹರಣೆ ಇಟ್ಟುಕೊಂಡರೆ ಈ ನಿಯಮಗಳು ಸ್ಪಷ್ಟವಾಗುತ್ತವೆ. ಇಂಗ್ಲೆಂಡಿನ ಒಂದು ಊರಿನ ಹುಡುಗ ತೊಡೆಯ ಮೂಳೆ ಮುರಿದುಕೊಂಡು ಆಸ್ಪತ್ರೆಯಲ್ಲಿದ್ದಾನೆ ಎಂದುಕೊಳ್ಳೋಣ. ಜಿಸಿಎಸ್ಇ ಗಣಿತದ ಮೊದಲ ಪತ್ರಿಕೆ ಬೆಳಿಗ್ಗೆ 9 ಗಂಟೆಗೆ, ಒಂದೂವರೆ ಗಂಟೆಯ ಅವಧಿ, ಕ್ಯಾಲ್ಕ್ಯುಲೇಟರ್ ಬಳಸುವಂತಿಲ್ಲ. ಹುಡುಗ ಬರೆಯುತ್ತೇನೆ ಎನ್ನುತ್ತಾನೆ.

ಮೊದಲ ಪ್ರಶ್ನೆ ಅವನು ಬರೆಯಬಲ್ಲನೇ ಎಂಬುದು. ಅದನ್ನು ಹುಡುಗನ ಉತ್ಸಾಹದ ಮೇಲಾಗಲಿ ಹೆತ್ತವರ ಆತಂಕದ ಮೇಲಾಗಲಿ ತೀರ್ಮಾನಿಸುವಂತಿಲ್ಲ. ಚಿಕಿತ್ಸೆ ಕೊಡುತ್ತಿರುವವರ ಮಾತು ಬೇಕು. ನೋವು ತಗ್ಗಿಸಲು ಕೊಡುವ ಬಲವಾದ ಔಷಧಗಳು ಮಂಪರು ತರುತ್ತವೆ. ಕೈ ಸರಿಯಿದ್ದು ಪೆನ್ನು ಹಿಡಿಯಬಲ್ಲ ರೋಗಿಗೆ ಪ್ರಶ್ನೆಯನ್ನು ಎರಡು ಸಲ ಓದಿದರೂ ತಲೆಗೆ ಹತ್ತದೆ ಇರಬಹುದು. ಅಂಥ ಸ್ಥಿತಿಯಲ್ಲಿ ಬರೆಸಿದರೆ ಅವನ ಅಂಕವೂ ಹಾಳಾಗುತ್ತದೆ, ಮುಂದೆ ಅವನು ಕೇಳಬಹುದಾದ ರಿಯಾಯಿತಿಯ ಲೆಕ್ಕವೂ ತೊಡಕಾಗುತ್ತದೆ. ಆದ್ದರಿಂದ ವಾರ್ಡಿನವರು ಒಪ್ಪಬೇಕು, ಔಷಧದ ಹೊತ್ತು, ಡ್ರೆಸ್ಸಿಂಗ್ ಬದಲಿಸುವ ಹೊತ್ತು, ವೈದ್ಯರು ರೌಂಡ್ಸ್ ಬರುವ ಹೊತ್ತು ಇವೆಲ್ಲ ಮೊದಲೇ ಶಾಲೆಯವರಿಗೆ ತಿಳಿದಿರಬೇಕು.

ಎರಡನೆಯ ಪ್ರಶ್ನೆ ಯಾರು ಮೇಲ್ವಿಚಾರಣೆ ಮಾಡಬೇಕು ಎಂಬುದು. ಪಕ್ಕದಲ್ಲಿ ಅಮ್ಮ ಇದ್ದಾರೆ, ಅವರು ನೋಡಿಕೊಳ್ಳಬಹುದಲ್ಲ ಎನ್ನಿಸುವುದು ಸಹಜ. ನಿಯಮ ಅದಕ್ಕೆ ಒಪ್ಪುವುದಿಲ್ಲ. ಅಭ್ಯರ್ಥಿಯ ಸಂಬಂಧಿ, ಗೆಳೆಯ, ಓರಗೆಯವರು ಯಾರೂ ಮೇಲ್ವಿಚಾರಕರಾಗುವಂತಿಲ್ಲ. ಆ ವಿಷಯ ಕಲಿಸಿದ ಶಿಕ್ಷಕರಿಗೂ ಅವಕಾಶವಿಲ್ಲ. ಮಾಮೂಲಿ ಕೊಠಡಿಯಲ್ಲಿ ಮೂವತ್ತು ಅಭ್ಯರ್ಥಿಗಳಿಗೆ ಒಬ್ಬ ಮೇಲ್ವಿಚಾರಕರಾದರೆ ಇಲ್ಲಿ ಒಬ್ಬ ಹುಡುಗನಿಗೇ ಒಬ್ಬರು. ಅವರು ಶಾಲೆಯಿಂದ ತರಬೇತಿ ಪಡೆದು ಬಂದವರಾಗಿರಬೇಕು. ವಾರ್ಡಿನ ನರ್ಸ್‌ಗೆ ಈ ಕೆಲಸ ಒಪ್ಪಿಸಿದರೆ ಏನಾಗುತ್ತದೆಂದು ಊಹಿಸುವುದು ಕಷ್ಟವಲ್ಲ. ಪಕ್ಕದ ಹಾಸಿಗೆಯಿಂದ ಕರೆ ಬಂದರೆ ಆಕೆ ಎದ್ದು ಹೋಗಲೇಬೇಕು, ಹೋದ ಕ್ಷಣದಿಂದ ಪರೀಕ್ಷೆಗೆ ಸಾಕ್ಷಿ ಇರುವುದಿಲ್ಲ.

ಇನ್ನು ಪತ್ರಿಕೆಯ ಪಯಣ. ಶಾಲೆಗೆ ಬಂದ ಪ್ರಶ್ನೆಪತ್ರಿಕೆಗಳು ಮೊಹರು ಹಾಕಿದ ಪ್ಲಾಸ್ಟಿಕ್ ಪೊಟ್ಟಣಗಳಲ್ಲಿ ಭದ್ರ ಕೊಠಡಿಯಲ್ಲಿವೆ. ಹುಡುಗನ ಪ್ರತಿ ಅಂಥದೊಂದು ಪೊಟ್ಟಣದೊಳಗೆ ಇತರರ ಪ್ರತಿಗಳ ಜೊತೆಗೇ ಇದೆ. ಅದನ್ನು ಬೇರ್ಪಡಿಸಬೇಕೆಂದರೆ ಪೊಟ್ಟಣ ತೆರೆಯಬೇಕು. ತೆರೆಯುವ ಮುನ್ನ ಶಾಲೆಯ ಇನ್ನೊಬ್ಬ ಸಿಬ್ಬಂದಿ ಬಂದು ಪೊಟ್ಟಣದ ಮೇಲಿನ ದಿನ, ಹೊತ್ತು, ವಿಷಯ, ಪತ್ರಿಕೆಯ ಸಂಖ್ಯೆಗಳನ್ನು ಓದಿ ನೋಡಬೇಕು. ಇದಕ್ಕೆ ಅಲ್ಲಿ ಎರಡನೆಯ ಜೋಡಿ ಕಣ್ಣಿನ ಪರಿಶೀಲನೆ ಎಂದೇ ಹೆಸರು. ನಾಡಿದ್ದಿನ ಪತ್ರಿಕೆಯನ್ನು ಇಂದೇ ತೆರೆದುಬಿಡುವ ಪ್ರಮಾದಗಳು ನಡೆದ ಮೇಲೆ ಬಿಗಿಯಾದ ಕ್ರಮ ಇದು. ತೆರೆದ ಮೇಲೆ ಒಂದು ಪ್ರತಿಯನ್ನು ಲಕೋಟೆಗೆ ಹಾಕಿ ಅಂಟಿಸಿ, ಆಸ್ಪತ್ರೆಗೆ ಹೋಗುವ ಮೇಲ್ವಿಚಾರಕರ ಕೈಗೆ ಕೊಡುತ್ತಾರೆ.

ತೊಡಕಿರುವುದು ಇಲ್ಲೇ. ಹೀಗೆ ಬೇರ್ಪಡಿಸುವ ಕೆಲಸವನ್ನು ಪರೀಕ್ಷೆಗೆ ಒಂದು ಗಂಟೆಗಿಂತ ಮೊದಲು ಮಾಡುವಂತಿಲ್ಲ. ಅಂದರೆ ಎಂಟು ಗಂಟೆಗೆ ಲಕೋಟೆ ಹೊರಟು ಒಂಬತ್ತಕ್ಕೆ ಹಾಸಿಗೆಯ ಪಕ್ಕ ಇರಬೇಕು. ಆಸ್ಪತ್ರೆ ಅದೇ ಊರಿನಲ್ಲಿದ್ದರೆ ಕಷ್ಟವಿಲ್ಲ. ನಲವತ್ತು ಮೈಲಿ ಆಚೆಯ ದೊಡ್ಡ ಊರಿನಲ್ಲಿದ್ದರೆ ಒಂದು ಗಂಟೆ ಸಾಲದು. ಆಗ ಅಲ್ಲಿ ಎರಡು ಉಪಾಯಗಳಿವೆ. ಒಂದು, ಆರಂಭದ ಹೊತ್ತನ್ನು ಸರಿಸುವುದು. ಅರ್ಧ ಗಂಟೆ ಹಿಂದೆ ಮುಂದೆ ಮಾಡಿಕೊಳ್ಳಲು ಶಾಲೆಗೆ ತಾನಾಗಿಯೇ ಅಧಿಕಾರವಿದೆ. ಇನ್ನೊಂದು, ಹುಡುಗನನ್ನು ಆಸ್ಪತ್ರೆಗೆ ಹತ್ತಿರದ ಬೇರೊಂದು ಕೇಂದ್ರಕ್ಕೆ ವರ್ಗಾವಣೆಯ ಅಭ್ಯರ್ಥಿಯಾಗಿ ಒಪ್ಪಿಸುವುದು. ಅಂಥ ಕೇಂದ್ರ ಆಸ್ಪತ್ರೆಯೊಳಗೇ ಸಿಗಬಹುದು, ಏಕೆಂದರೆ ಬ್ರಿಟನ್ನಿನಲ್ಲಿ ಮಕ್ಕಳ ದೊಡ್ಡ ಆಸ್ಪತ್ರೆಗಳಲ್ಲಿ ದೀರ್ಘ ಕಾಲ ಉಳಿಯುವವರಿಗಾಗಿ ಶಾಲೆಗಳೇ ಇವೆ. ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಆಸ್ಪತ್ರೆಯ ಶಾಲೆ ಅವುಗಳಲ್ಲಿ ಹೆಸರಾದದ್ದು.

ಹೊತ್ತಿನ ವಿಷಯದಲ್ಲಿ ಇಷ್ಟು ಬಿಗಿ ಏಕೆಂಬುದಕ್ಕೆ ಸರಳ ಕಾರಣವಿದೆ. ಒಂದು ಗಂಟೆಯ ಅಥವಾ ಅದಕ್ಕಿಂತ ದೀರ್ಘವಾದ ಬೆಳಗಿನ ಪರೀಕ್ಷೆಯಲ್ಲಿ 10 ಗಂಟೆಯವರೆಗೆ ಯಾವ ಅಭ್ಯರ್ಥಿಯೂ ಕೊಠಡಿ ಬಿಡುವಂತಿಲ್ಲ. ಅಷ್ಟು ಹೊತ್ತಿನೊಳಗೆ ದೇಶದ ಎಲ್ಲ ಅಭ್ಯರ್ಥಿಗಳೂ ಪತ್ರಿಕೆಯ ಎದುರು ಕುಳಿತಿರುತ್ತಾರೆ ಎಂಬ ನಂಬಿಕೆ ಅದರ ಹಿಂದಿದೆ. ಆಸ್ಪತ್ರೆಯ ಹುಡುಗ ಹನ್ನೊಂದಕ್ಕೆ ಆರಂಭಿಸುವುದಾದರೆ ಹತ್ತೂವರೆಗೆ ಹೊರಬಂದ ಗೆಳೆಯನ ಒಂದು ಸಂದೇಶ ಸಾಕು, ಪರೀಕ್ಷೆ ಮುಗಿದಂತೆಯೇ. ಆದ್ದರಿಂದ ತಡವಾಗಿ ಬರೆಯುವ ಅಭ್ಯರ್ಥಿ ಆ ನಡುವಿನ ಹೊತ್ತನ್ನು ಫೋನ್ ಇಲ್ಲದೆ, ಸಂದರ್ಶಕರಿಲ್ಲದೆ, ಮೇಲ್ವಿಚಾರಕರ ಕಣ್ಣೆದುರಿನಲ್ಲಿ ಕಳೆಯಬೇಕಾಗುತ್ತದೆ. ಒಂದೇ ದಿನಕ್ಕೆ ಮಿತಿಮೀರಿ ಪತ್ರಿಕೆಗಳು ಬಂದು ಒಂದನ್ನು ಮರುದಿನಕ್ಕೆ ಮುಂದೂಡಬೇಕಾದಾಗ ರಾತ್ರಿಯಿಡೀ ಕಾವಲಿನಲ್ಲಿ ಇರಿಸುವ ಏರ್ಪಾಡೂ ಇದೆ. ಆ ರಾತ್ರಿ ದೂರದರ್ಶನ, ಅಂತರ್ಜಾಲ, ಸಹಪಾಠಿಗಳ ಮಾತು ಯಾವುದೂ ಇರುವುದಿಲ್ಲ. ಬೇರೆ ಉಪಾಯ ಉಳಿಯದಾಗ ಮಾತ್ರ ಅದನ್ನು ಬಳಸುತ್ತಾರೆ.

ಈಗ ವಾರ್ಡಿನ ಒಳಗೆ. ಹುಡುಗ ಬರೆಯಲು ತೊಡಗಿ ನಲವತ್ತು ನಿಮಿಷಗಳಾಗಿವೆ. ನರ್ಸ್ ಬಂದು ರಕ್ತನಾಳಕ್ಕೆ ಔಷಧ ಕೊಡಬೇಕು ಎನ್ನುತ್ತಾರೆ. ಚಿಕಿತ್ಸೆಯನ್ನು ತಡೆಯುವ ಅಧಿಕಾರ ಮೇಲ್ವಿಚಾರಕರಿಗೆ ಇಲ್ಲ. ಅವರು ಗಡಿಯಾರ ನೋಡಿ ಹೊತ್ತು ಬರೆದುಕೊಳ್ಳುತ್ತಾರೆ, ಪತ್ರಿಕೆಯನ್ನು ಮುಚ್ಚಿಸುತ್ತಾರೆ, ಹಾಸಿಗೆಯ ಪಕ್ಕದಲ್ಲೇ ಇರುತ್ತಾರೆ. ಹನ್ನೆರಡು ನಿಮಿಷಗಳ ನಂತರ ಬರವಣಿಗೆ ಮುಂದುವರಿದರೆ ಮುಕ್ತಾಯದ ಹೊತ್ತೂ ಹನ್ನೆರಡು ನಿಮಿಷ ಮುಂದಕ್ಕೆ ಹೋಗುತ್ತದೆ. ಇದು ಮೇಲ್ವಿಚಾರಣೆಯೊಳಗಿನ ವಿರಾಮ. ಹೆಚ್ಚುವರಿ ಸಮಯ ಎಂಬುದು ಇದಕ್ಕಿಂತ ಬೇರೆ. ನಿಧಾನವಾಗಿ ಬರೆಯುವ ಸ್ಥಿತಿಯಲ್ಲಿರುವವರಿಗೆ ಕಾಲು ಭಾಗ ಹೆಚ್ಚು ಸಮಯ ಕೊಟ್ಟರೆ, ಒಂದೂವರೆ ಗಂಟೆಯ ಪತ್ರಿಕೆಗೆ ಇಪ್ಪತ್ತೆರಡೂವರೆ ನಿಮಿಷ ಸೇರುತ್ತದೆ, ಆ ಹೊತ್ತಿನಲ್ಲಿ ಪೆನ್ನು ಓಡುತ್ತಿರುತ್ತದೆ. ವಿರಾಮದಲ್ಲಿ ಪೆನ್ನು ನಿಂತಿರುತ್ತದೆ. ಎರಡನ್ನೂ ಬೆರೆಸಿ ಲೆಕ್ಕ ಹಾಕಿದ ಕಡೆಗಳಲ್ಲಿ ಒಂದೋ ಅಭ್ಯರ್ಥಿಗೆ ಅನ್ಯಾಯವಾಗುತ್ತದೆ, ಇಲ್ಲವೇ ಉಳಿದವರಿಗೆ. ಯಾವ ನಿಮಿಷ ಯಾವುದರ ಲೆಕ್ಕಕ್ಕೆ ಹೋಯಿತೆಂದು ಮೇಲ್ವಿಚಾರಕರು ಬರೆದಿಟ್ಟ ಟಿಪ್ಪಣಿಯೇ ಆಗ ಆಧಾರ.

ಬರೆದು ಮುಗಿದ ಮೇಲೆ ಉತ್ತರಪತ್ರಿಕೆ ವಾರ್ಡಿನ ಮೇಜಿನ ಮೇಲೆ ಒಂದು ನಿಮಿಷವೂ ಉಳಿಯಬಾರದು. ಪ್ರಶ್ನೆಪತ್ರಿಕೆಯೂ, ಚಿತ್ತುಹಾಳೆಯೂ ಹಾಗೆಯೇ. ಎಲ್ಲವನ್ನೂ ಹುಡುಗನ ಎದುರಿನಲ್ಲೇ ಲಕೋಟೆಗೆ ಹಾಕಿ ಅಂಟಿಸಿ ಮೇಲ್ವಿಚಾರಕರು ನೇರವಾಗಿ ಶಾಲೆಗೆ ತರುತ್ತಾರೆ. ಅಲ್ಲಿ ಹಾಜರಾತಿ ಪಟ್ಟಿಯಲ್ಲಿ ಅವನ ಹೆಸರು ಎಲ್ಲಿದೆಯೋ ಅದೇ ಕ್ರಮದಲ್ಲಿ ಅವನ ಉತ್ತರಪತ್ರಿಕೆ ಉಳಿದವರ ನಡುವೆ ಸೇರುತ್ತದೆ. ಇಂಗ್ಲೆಂಡಿನಲ್ಲಿ ಈ ಪೊಟ್ಟಣಗಳನ್ನು ಹಳದಿ ಚೀಟಿ ಅಂಟಿಸಿದ ಪ್ರತ್ಯೇಕ ಸಾಗಣೆಯಲ್ಲಿ, ಪಾರ್ಸೆಲ್‌ಫೋರ್ಸ್ ಸಂಸ್ಥೆಯ ಮೂಲಕ ಮೌಲ್ಯಮಾಪಕರಿಗೆ ಕಳಿಸುತ್ತಾರೆ, ಕಳಿಸಿದ್ದಕ್ಕೆ ರಸೀದಿ ಇಟ್ಟುಕೊಳ್ಳುತ್ತಾರೆ. ಆಸ್ಪತ್ರೆಯಿಂದ ನೇರವಾಗಿ ಅಂಚೆಗೆ ಹಾಕಿದರೆ ಏನಾಗುತ್ತದೆ? ಶಾಲೆಯ ಬಂಡಲ್‌ನಲ್ಲಿ ಒಂದು ಕಡಿಮೆಯಾಗುತ್ತದೆ, ಹಾಜರಾತಿ ಪಟ್ಟಿಗೂ ಬಂಡಲ್‌ಗೂ ತಾಳೆಯಾಗುವುದಿಲ್ಲ, ಗೈರುಹಾಜರಿ ಎಂದು ದಾಖಲಾಗುವ ಅಪಾಯವಿದೆ.

ಹುಡುಗ ಬರೆಯುವ ಸ್ಥಿತಿಯಲ್ಲೇ ಇಲ್ಲದಿದ್ದರೆ? ಆಗ ಜೆಸಿಕ್ಯೂ ನಿಯಮದಲ್ಲಿ ವಿಶೇಷ ಪರಿಗಣನೆ ಎಂಬ ಅವಕಾಶವಿದೆ. ಕಾಯಿಲೆಯ ನಡುವೆಯೇ ಬರೆದವರಿಗೆ ಪರಿಸ್ಥಿತಿಯ ತೀವ್ರತೆ ನೋಡಿ ಅಂಕ ಸೇರಿಸುತ್ತಾರೆ, ಅದು ಆ ಪತ್ರಿಕೆಯ ಒಟ್ಟು ಅಂಕದ ಶೇ. 5ನ್ನು ಮೀರುವುದಿಲ್ಲ. ಒಂದೆರಡು ಪತ್ರಿಕೆ ತಪ್ಪಿಸಿಕೊಂಡವರು ಆ ವಿಷಯದ ಒಟ್ಟು ಮೌಲ್ಯಮಾಪನದಲ್ಲಿ ಕನಿಷ್ಠ ಶೇ. 25ರಷ್ಟನ್ನು ಮುಗಿಸಿದ್ದರೆ, ಬರೆದ ಭಾಗದ ಆಧಾರದ ಮೇಲೆ ದರ್ಜೆ ಕೊಡಬಹುದು. ಹೀಗಾಗಿ ಮೂರು ಗಣಿತ ಪತ್ರಿಕೆಗಳಲ್ಲಿ ಒಂದನ್ನಾದರೂ ಬರೆದಿರುವುದು ಆ ಹುಡುಗನಿಗೆ ಬಹಳ ದೊಡ್ಡ ವ್ಯತ್ಯಾಸ.

ಕರ್ನಾಟಕ ಬೇರೆ ದಾರಿ ಹಿಡಿದಿದೆ. 2023–24ರಿಂದ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳು ಬಂದವು. ಪರೀಕ್ಷೆ-1ರ ಹೊತ್ತಿಗೆ ಆಸ್ಪತ್ರೆಯಲ್ಲಿದ್ದ ಮಗು ಕೆಲವು ವಾರಗಳ ನಂತರ ಪರೀಕ್ಷೆ-2 ಬರೆಯಬಹುದು. ಹಾಸಿಗೆಯ ಬಳಿಗೆ ಪತ್ರಿಕೆ ಒಯ್ಯುವ ಗೊಡವೆ ಇದರಿಂದ ಬಹುಮಟ್ಟಿಗೆ ತಪ್ಪುತ್ತದೆ. ಆದರೆ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲೇ ಇರಬೇಕಾದ ಕ್ಯಾನ್ಸರ್ ಅಥವಾ ಮೂತ್ರಪಿಂಡದ ತೊಂದರೆಯ ಮಕ್ಕಳಿಗೆ ಎಲ್ಲ ಅವಕಾಶಗಳೂ ಒಂದೇ ಹಾಸಿಗೆಯಲ್ಲಿ ಕಳೆದುಹೋಗಬಹುದು.

ಮೂರನೆಯ ದಾರಿ, ಅಂದರೆ ಇರುವ ಜಾಗವನ್ನೇ ಕೇಂದ್ರ ಮಾಡುವುದು, ಈ ರಾಜ್ಯಕ್ಕೂ ಹೊಸದಲ್ಲ. 2020ರ ಜುಲೈ 30 ಮತ್ತು 31ರಂದು ಕೊರೊನಾದ ನಡುವೆ ಸಿಇಟಿ ನಡೆದಾಗ ಸೋಂಕು ತಗುಲಿದ್ದ ಅಭ್ಯರ್ಥಿಗಳಿಗೆ ಕೋವಿಡ್ ಆರೈಕೆ ಕೇಂದ್ರಗಳಲ್ಲೇ ಬರೆಯುವ ಏರ್ಪಾಡಾಯಿತು. ಮರುವರ್ಷ ಜುಲೈ 19 ಮತ್ತು 22ರ ಎರಡೇ ದಿನಗಳಲ್ಲಿ ನಡೆದ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲೂ ಹಾಗೆಯೇ ಮಾಡಿದರು. ರೋಗಿಗಳು ಒಂದೇ ಕಡೆ ಸೇರಿದ್ದರಿಂದ ಇದು ಸಾಧ್ಯವಾಯಿತು. ಒಬ್ಬರಿಗೆ ಬೇಕಾಗುವ ಬಂಡಲ್, ಸಹಿ, ಮೇಲ್ವಿಚಾರಕರ ಏರ್ಪಾಡು ಹತ್ತು ಜನರಿಗೂ ಸಾಕಾಗುತ್ತದೆ.

ಇದೇ ಕಾರಣಕ್ಕೆ ಜೈಲುಗಳಲ್ಲಿ ಮೂರನೆಯ ದಾರಿಯೇ ರೂಢಿಯಾಗಿದೆ. ಆಸ್ಪತ್ರೆಯಲ್ಲಿ ಅಭ್ಯರ್ಥಿ ಒಬ್ಬ, ಇರುವುದು ಕೆಲವು ದಿನ. ಜೈಲಿನಲ್ಲಿ ಅಭ್ಯರ್ಥಿಗಳು ಹಲವರು, ಇರುವುದು ವರ್ಷಗಟ್ಟಲೆ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಅಂದರೆ ಇಗ್ನೋ, 1994ರಲ್ಲಿ ದೆಹಲಿಯ ತಿಹಾರ್ ಜೈಲಿನೊಳಗೆ ಅಧ್ಯಯನ ಕೇಂದ್ರ ತೆರೆಯಿತು. ಆಮೇಲೆ ದೇಶದ ಅನೇಕ ಕಾರಾಗೃಹಗಳಿಗೆ ಅದು ಹಬ್ಬಿತು. ಬೆಂಗಳೂರಿನ ಪರಪ್ಪನ ಅಗ್ರಹಾರದಲ್ಲೂ ಬಂದಿಗಳು ಇಗ್ನೋ ಮೂಲಕ ಓದುತ್ತಾರೆ. ಬಂದಿಗಳಿಗೆ ಶುಲ್ಕವಿಲ್ಲ. ಶಾಲಾ ಹಂತದ ಪರೀಕ್ಷೆಗಳಿಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್ಐಓಎಸ್, ಇದೇ ಬಗೆಯ ಕೇಂದ್ರಗಳನ್ನು ಜೈಲುಗಳಲ್ಲಿ ನಡೆಸುತ್ತದೆ.

ಜೈಲಿನಲ್ಲಿ ಕಾವಲಿಗೆ ಕೊರತೆಯಿಲ್ಲ, ಹಾಗಾಗಿ ಪರೀಕ್ಷೆ ನಡೆಸುವುದು ಸುಲಭ ಎಂದು ಹೊರಗಿನವರಿಗೆ ಅನ್ನಿಸಬಹುದು. ಒಳಗೆ ಹೋದರೆ ಬೇರೆಯೇ ಕಾಣುತ್ತದೆ. ಜೈಲಿನ ಕಾವಲು ಬಂದಿ ತಪ್ಪಿಸಿಕೊಳ್ಳದಿರಲಿ ಎಂದು ಇರುವುದು, ಪರೀಕ್ಷೆಯ ಕಾವಲು ನಕಲು ಆಗದಿರಲಿ ಎಂದು ಇರುವುದು. ಬಾಗಿಲಲ್ಲಿ ನಿಂತ ಸಿಬ್ಬಂದಿಯ ಕಣ್ಣು ಬಂದಿಯ ಮೇಲಿರುತ್ತದೆ, ಅವನ ಮುಂದಿನ ಹಾಳೆಯ ಮೇಲಲ್ಲ. ಅಲ್ಲದೆ ಜೈಲು ಸಿಬ್ಬಂದಿಗೂ ಬಂದಿಗೂ ನಡುವೆ ಪ್ರತಿದಿನದ ಅಧಿಕಾರದ ಸಂಬಂಧವಿದೆ. ಅದರಿಂದ ಒಬ್ಬನಿಗೆ ಅನುಕೂಲವೂ ಆಗಬಹುದು, ಇನ್ನೊಬ್ಬನಿಗೆ ತೊಂದರೆಯೂ ಆಗಬಹುದು. ಎರಡೂ ಆಗಬಾರದೆಂದರೆ ಮೇಲ್ವಿಚಾರಕರು, ಇಲ್ಲವೇ ಕನಿಷ್ಠ ವೀಕ್ಷಕರೊಬ್ಬರು, ಹೊರಗಿನಿಂದಲೇ ಬರಬೇಕು. ಒಳಗಿನವರು ತಮ್ಮ ಭದ್ರತೆಯ ಕೆಲಸ ಮಾಡಲಿ, ಹೊರಗಿನವರು ಪರೀಕ್ಷೆಯ ಕೆಲಸ ಮಾಡಲಿ ಎಂಬ ಹಂಚಿಕೆ ಕಾಗದದ ಮೇಲೆ ಸ್ಪಷ್ಟವಿದ್ದಲ್ಲಿ ಗೊಂದಲ ಕಡಿಮೆ.

ಮೊದಲ ಗೊಂದಲ ಹುಟ್ಟುವುದು ಜೈಲಿನ ಹೆಬ್ಬಾಗಿಲಲ್ಲಿ. ಒಳಗೆ ಹೋಗುವ ಪ್ರತಿ ವಸ್ತುವನ್ನೂ ತೆರೆದು ನೋಡುವುದು ಜೈಲಿನ ನಿಯಮ. ಪರೀಕ್ಷೆಗೆ ಮುನ್ನ ಯಾರೂ ತೆರೆಯಬಾರದೆಂಬುದು ಪ್ರಶ್ನೆಪತ್ರಿಕೆಯ ನಿಯಮ. ಎರಡೂ ಸರಿಯೇ. ಬಾಗಿಲಲ್ಲಿ ನಿಂತು ವಾದ ಮಾಡುವ ಬದಲು ಮೊದಲೇ ಜೈಲು ಅಧೀಕ್ಷಕರ ಲಿಖಿತ ಆದೇಶ ಪಡೆದಿರಬೇಕು: ಲಕೋಟೆಯ ಹೊರಭಾಗವನ್ನು ಮಾತ್ರ ತಪಾಸಣೆ ಮಾಡಿ, ಮೊಹರು ಮುಟ್ಟದೆ, ತಂದವರ ಜೊತೆಗೇ ಒಳಗೆ ಬಿಡಬೇಕು. ಹೊರಗೆ ಬರುವಾಗಲೂ ಇದೇ ಕ್ರಮ ಬೇಕು. ಬಂದಿಗಳು ಬರೆಯುವ ಪತ್ರಗಳನ್ನು ಜೈಲಿನವರು ಓದಿ ನೋಡಿ ಕಳಿಸುವ ಪದ್ಧತಿಯಿದೆ. ಉತ್ತರಪತ್ರಿಕೆ ಆ ಪದ್ಧತಿಗೆ ಒಳಪಡಬಾರದು. ಸಮಾಜಶಾಸ್ತ್ರದ ಪತ್ರಿಕೆಯಲ್ಲಿ ಅಪರಾಧ ಮತ್ತು ಶಿಕ್ಷೆಯ ಬಗ್ಗೆ ಬಂದಿಯೊಬ್ಬ ಬರೆದ ಉತ್ತರವನ್ನು ಮೌಲ್ಯಮಾಪಕರು ಓದಬೇಕೇ ಹೊರತು ಅವನ ಬ್ಯಾರಕ್ಕಿನ ಉಸ್ತುವಾರಿ ಓದುವಂತಾಗಬಾರದು. ಅದಕ್ಕಾಗಿ ಲಕೋಟೆಗೆ ಮೊಹರು ಬೀಳಬೇಕಾದದ್ದು ಬರೆದ ಕೊಠಡಿಯಲ್ಲೇ, ಅಭ್ಯರ್ಥಿಗಳ ಎದುರಿನಲ್ಲೇ.

ಎರಡನೆಯ ಗೊಂದಲ ಹೊತ್ತಿನದು. ಜೈಲಿನ ದಿನಚರಿ ತಲೆ ಎಣಿಕೆಯ ಸುತ್ತ ತಿರುಗುತ್ತದೆ. ಬೆಳಿಗ್ಗೆ ಬ್ಯಾರಕ್ ತೆರೆದಾಗ ಎಣಿಕೆ, ಸಂಜೆ ಬೀಗ ಹಾಕುವ ಮುನ್ನ ಎಣಿಕೆ, ಹಲವು ಕಡೆ ಮಧ್ಯಾಹ್ನವೂ ಕೆಲ ಹೊತ್ತು ಬೀಗ. ಎಣಿಕೆ ತಾಳೆಯಾಗದಿದ್ದರೆ ಇಡೀ ಜೈಲು ನಿಲ್ಲುತ್ತದೆ. ಇಗ್ನೋ ಪರೀಕ್ಷೆಗಳು ಜೂನ್ ಮತ್ತು ಡಿಸೆಂಬರ್ ಅವಧಿಗಳಲ್ಲಿ, ಬೆಳಿಗ್ಗೆ 10ರಿಂದ 1 ಹಾಗೂ ಮಧ್ಯಾಹ್ನ 2ರಿಂದ 5ರವರೆಗೆ ನಡೆಯುತ್ತವೆ. ಡಿಸೆಂಬರಿನಲ್ಲಿ ಬೇಗ ಕತ್ತಲಾಗುತ್ತದೆ. ಐದಕ್ಕೆ ಬರವಣಿಗೆ ನಿಲ್ಲಿಸಿ, ಉತ್ತರಪತ್ರಿಕೆ ಎಣಿಸಿ, ಮೊಹರು ಹಾಕಿ, ಬಂದಿಗಳನ್ನು ತಪಾಸಣೆ ಮಾಡಿ ಬ್ಯಾರಕ್ಕಿಗೆ ತಲುಪಿಸುವ ಹೊತ್ತಿಗೆ ಸಂಜೆಯ ಎಣಿಕೆ ಶುರುವಾಗಿರುತ್ತದೆ. ಪರೀಕ್ಷಾರ್ಥಿಗಳ ಪಟ್ಟಿ ಹಿಂದಿನ ದಿನವೇ ಎಣಿಕೆಯವರ ಕೈಯಲ್ಲಿದ್ದರೆ ಅವರನ್ನು ಕೊಠಡಿಯಲ್ಲೇ ಎಣಿಸಿಕೊಂಡು ಹೋಗುತ್ತಾರೆ. ಪಟ್ಟಿ ಇಲ್ಲದಿದ್ದರೆ ಕೊನೆಯ ಹದಿನೈದು ನಿಮಿಷಗಳಲ್ಲಿ ಯಾರೋ ಬಂದು ಹೆಸರು ಕೂಗುತ್ತಾರೆ.

ಕೈವಾರ, ಸ್ಟೀಲ್ ಸ್ಕೇಲುಗಳ ಕಥೆಯೂ ಇದೆ. ಹೊರಗೆ ಜ್ಯಾಮಿತಿ ಪೆಟ್ಟಿಗೆ, ಒಳಗೆ ಚೂಪಾದ ವಸ್ತು. ಕೊಠಡಿಯಲ್ಲಿ ಎಣಿಸಿ ಕೊಟ್ಟು, ಎಣಿಸಿ ವಾಪಸು ಪಡೆದ ಮೇಲೆಯೇ ಬಂದಿಗಳನ್ನು ಏಳಿಸುವುದು ಸುರಕ್ಷಿತ.

ಮೂರನೆಯ ಗೊಂದಲ ಎಲ್ಲಕ್ಕಿಂತ ಕಷ್ಟದ್ದು. ಬಂದಿ ಎಲ್ಲಿರಬೇಕೆಂಬುದು ಅವನ ಕೈಯಲ್ಲಿ ಇಲ್ಲ. ಪರೀಕ್ಷೆಗೆ ಅರ್ಜಿ ಹಾಕಿದ ಮೇಲೆ ಬೇರೆ ಜೈಲಿಗೆ ವರ್ಗವಾಗಬಹುದು. ಪರೀಕ್ಷೆಯ ದಿನವೇ ನ್ಯಾಯಾಲಯದಲ್ಲಿ ಹಾಜರಿ ಇರಬಹುದು. ವಿಚಿತ್ರವೆಂದರೆ ಬಿಡುಗಡೆಯೂ ತೊಡಕಾಗಬಹುದು. ಹರಿಯಾಣದ ಮಾಜಿ ಮುಖ್ಯಮಂತ್ರಿ ಓಂಪ್ರಕಾಶ್ ಚೌಟಾಲಾ ಶಿಕ್ಷಕರ ನೇಮಕಾತಿ ಹಗರಣದಲ್ಲಿ ಶಿಕ್ಷೆಯಾಗಿ ತಿಹಾರಿನಲ್ಲಿದ್ದಾಗ, ಎಂಬತ್ತು ದಾಟಿದ ವಯಸ್ಸಿನಲ್ಲಿ ಎನ್ಐಓಎಸ್ ಪರೀಕ್ಷೆಗೆ ಕುಳಿತರು. 2017ರಲ್ಲಿ ಕೊನೆಯ ಪತ್ರಿಕೆಯ ಹೊತ್ತಿಗೆ ಅವರು ಪೆರೋಲ್ ಮೇಲೆ ಹೊರಗಿದ್ದರು. ಪರೀಕ್ಷಾ ಕೇಂದ್ರ ಜೈಲಿನ ಆವರಣದೊಳಗೇ ಇದ್ದದ್ದರಿಂದ ಅವರು ಅಲ್ಲಿಗೇ ಹೋಗಿ ಬರೆದು ಬಂದರೆಂದು ಅವರ ಮಗ ಆಗ ಪತ್ರಕರ್ತರಿಗೆ ಹೇಳಿದ್ದರು. 2021ರ ಆಗಸ್ಟ್‌ನಲ್ಲಿ, ಬಿಡುಗಡೆಯಾದ ಮೇಲೆ, ಉಳಿದಿದ್ದ ಹತ್ತನೆಯ ತರಗತಿಯ ಇಂಗ್ಲಿಷ್ ಪತ್ರಿಕೆಯನ್ನು ಸಿರ್ಸಾದ ಶಾಲೆಯೊಂದರಲ್ಲಿ ಲಿಪಿಕಾರರ ನೆರವಿನಿಂದ ಬರೆದರು. ಹೆಸರಾದ ವ್ಯಕ್ತಿಗೆ ಹೀಗೆ ಹೋಗಿಬರಲು ವಾಹನವೂ ಜನರೂ ಇರುತ್ತಾರೆ. ಜಾಮೀನು ಸಿಕ್ಕಿ ಇನ್ನೂರು ಕಿಲೋಮೀಟರ್ ದೂರದ ಹಳ್ಳಿಗೆ ಹೋದ ಸಾಮಾನ್ಯ ಬಂದಿಗೆ ಆ ಹೆಬ್ಬಾಗಿಲಿಗೆ ಮತ್ತೆ ಬಂದು ನಿಲ್ಲುವುದು ಸುಲಭವಲ್ಲ. ಬಿಡುಗಡೆಯ ಕಾಗದದ ಜೊತೆಗೇ ಕೇಂದ್ರ ಬದಲಾವಣೆಯ ಅರ್ಜಿಯನ್ನೂ ಬರೆಸಿಕೊಂಡರೆ ಒಂದು ವರ್ಷ ಉಳಿಯುತ್ತದೆ.

ಜೈಲಿನಲ್ಲಿ ಕೇಂದ್ರವಿಲ್ಲದ ಪರೀಕ್ಷೆಗಳಿಗೆ ಮತ್ತೆ ಮೊದಲ ದಾರಿಯೇ ಗತಿ. ಬಂದಿಯ ವಕೀಲರು ನ್ಯಾಯಾಲಯಕ್ಕೆ ಅರ್ಜಿ ಹಾಕುತ್ತಾರೆ. ನ್ಯಾಯಾಲಯ ಮಧ್ಯಂತರ ಜಾಮೀನು ಕೊಡಬಹುದು, ಇಲ್ಲವೇ ಪೊಲೀಸ್ ಬೆಂಗಾವಲಿನಲ್ಲಿ ಕೇಂದ್ರಕ್ಕೆ ಕರೆದೊಯ್ದು ಮರಳಿ ತರಲು ಆದೇಶಿಸಬಹುದು. ಹೀಗೆ ಬೆಂಗಾವಲಿನಲ್ಲಿ ಕಳಿಸುವುದನ್ನು ದೆಹಲಿಯಲ್ಲಿ ಕಸ್ಟಡಿ ಪೆರೋಲ್ ಎನ್ನುತ್ತಾರೆ. ಆದೇಶ ಸಿಕ್ಕರೂ ಆ ದಿನ ಬೆಂಗಾವಲಿಗೆ ಪೊಲೀಸರು ಸಿಗಬೇಕು. ಬಂದೋಬಸ್ತು, ಚುನಾವಣೆ, ಹಬ್ಬಗಳಿದ್ದರೆ ವಾಹನ ಹೊರಡುವುದು ತಡವಾಗುತ್ತದೆ, ಪರೀಕ್ಷಾ ಕೇಂದ್ರದ ಗೇಟು ಮಾತ್ರ ಹೊತ್ತಿಗೆ ಸರಿಯಾಗಿ ಮುಚ್ಚುತ್ತದೆ.

ಗೋಡೆ ದಾಟುವ ಪ್ರಶ್ನೆಪತ್ರಿಕೆಯ ಚರಿತ್ರೆ ಹಳೆಯದು. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ಶಿಬಿರಗಳಲ್ಲಿ ಸೆರೆಯಿದ್ದ ಬ್ರಿಟಿಷ್ ಸೈನಿಕರಿಗೆ ರೆಡ್ ಕ್ರಾಸ್ ಮತ್ತು ಸೇಂಟ್ ಜಾನ್ ಸಂಸ್ಥೆಗಳ ಶೈಕ್ಷಣಿಕ ಪುಸ್ತಕ ವಿಭಾಗವು ಆಕ್ಸ್‌ಫರ್ಡಿನ ಹೊಸ ಬಾಡ್ಲಿಯನ್ ಗ್ರಂಥಾಲಯದಿಂದ ಪುಸ್ತಕ ಕಳಿಸುತ್ತಿತ್ತು. ನಂತರ ಪರೀಕ್ಷೆಗಳನ್ನೂ ನಡೆಸಿತು. ಪ್ರಶ್ನೆಪತ್ರಿಕೆಗಳು ಶತ್ರುದೇಶದೊಳಗೆ ಹೋದವು, ಉತ್ತರಪತ್ರಿಕೆಗಳು ಅಲ್ಲಿಂದ ಹೊರಟು ಪರೀಕ್ಷಾ ಮಂಡಳಿಗಳಿಗೆ ತಲುಪಿದವು. ಯುದ್ಧ ಮುಗಿಯುವ ಹೊತ್ತಿಗೆ ಸುಮಾರು 17,000 ಪತ್ರಿಕೆಗಳನ್ನು ಹಾಗೆ ಬರೆಸಲಾಗಿತ್ತು, ಮುಕ್ಕಾಲು ಪಾಲಿಗೂ ಹೆಚ್ಚು ಉತ್ತೀರ್ಣವಾದವು. ಯುದ್ಧ ಮಾಡುತ್ತಿದ್ದ ಎರಡು ದೇಶಗಳ ನಡುವೆಯೂ ಒಂದು ಮೊಹರು ಹಾಕಿದ ಲಕೋಟೆ ಓಡಾಡಬೇಕೆಂದರೆ ಅದಕ್ಕೆ ಎರಡೂ ಕಡೆಯವರು ಒಪ್ಪುವ ಮಧ್ಯಸ್ಥರು ಬೇಕಿತ್ತು, ರೆಡ್ ಕ್ರಾಸ್ ಆ ಜಾಗದಲ್ಲಿತ್ತು.

1964ರ ಜೂನ್‌ನಲ್ಲಿ ನೆಲ್ಸನ್ ಮಂಡೇಲಾ ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದ ಸೆರೆಯಲ್ಲಿ ರಿವೋನಿಯಾ ಮೊಕದ್ದಮೆಯ ತೀರ್ಪಿಗಾಗಿ ಕಾಯುತ್ತಿದ್ದರು. ಮರಣದಂಡನೆಯ ಸಾಧ್ಯತೆ ಎದುರಿಗಿತ್ತು. ಆ ಬಿಡುವಿನಲ್ಲಿ ಅವರು ಲಂಡನ್ ವಿಶ್ವವಿದ್ಯಾಲಯದ ಕಾನೂನು ಪದವಿಯ ಕೆಲವು ಪತ್ರಿಕೆಗಳನ್ನು ಬರೆದರು, ಉತ್ತೀರ್ಣರೂ ಆದರು. ಜೂನ್ 12ರಂದು ಜೀವಾವಧಿ ಶಿಕ್ಷೆಯಾಯಿತು. ರಾಬೆನ್ ದ್ವೀಪದಲ್ಲಿ ಓದು ಮುಂದುವರಿಯಿತು, ಆದರೆ ಅಲ್ಲಿ ಓದು ಒಂದು ಸವಲತ್ತಾಗಿತ್ತು. ಅವರು ಗುಟ್ಟಾಗಿ ಆತ್ಮಕಥೆ ಬರೆಯುತ್ತಿದ್ದುದು ಪತ್ತೆಯಾದಾಗ ಅಧಿಕಾರಿಗಳು ಆ ಸವಲತ್ತನ್ನು ನಾಲ್ಕು ವರ್ಷ ಕಿತ್ತುಕೊಂಡರು. ಕಾನೂನು ಪದವಿ ಕೊನೆಗೆ ಬಂದದ್ದು 1989ರಲ್ಲಿ, ಯುನಿವರ್ಸಿಟಿ ಆಫ್ ಸೌತ್ ಆಫ್ರಿಕಾದಿಂದ.

ಜೈಲಿನೊಳಗಿನ ಪರೀಕ್ಷೆಯನ್ನು ಶಿಸ್ತಿನ ಬಹುಮಾನವೆಂದು ನೋಡುವ ಅಭ್ಯಾಸ ಈಗಲೂ ಅಲ್ಲಲ್ಲಿ ಉಳಿದಿದೆ. ಹಾಗೆ ನೋಡಿದ ಕಡೆ ಸಣ್ಣ ಜಗಳಕ್ಕೂ ಪ್ರವೇಶಪತ್ರ ಮೇಜಿನೊಳಗೆ ಉಳಿದುಬಿಡಬಹುದು. ಹೀಗಾಗದಂತೆ ತಡೆಯಲು ಪರೀಕ್ಷಾ ಸಂಸ್ಥೆಯ ಕೈಯಲ್ಲಿ ಒಂದು ಸರಳ ಸಾಧನವಿದೆ: ಪ್ರತಿ ಗೈರುಹಾಜರಿಗೂ ಕಾರಣ ಕೇಳುವುದು. ಹೊರಗಿನ ಕೇಂದ್ರದಲ್ಲಿ ಅಭ್ಯರ್ಥಿ ಬರದಿದ್ದರೆ ಪಟ್ಟಿಯಲ್ಲಿ ಗೈರು ಎಂದು ಬರೆದು ಮುಂದೆ ಹೋಗುತ್ತಾರೆ. ಜೈಲಿನಲ್ಲಿ ಬರದಿದ್ದವನು ಬೇರೆ ಜೈಲಿಗೆ ಹೋದನೇ, ನ್ಯಾಯಾಲಯಕ್ಕೆ ಹೋದನೇ, ಜ್ವರದಲ್ಲಿ ಜೈಲಿನ ಆಸ್ಪತ್ರೆಯಲ್ಲಿ ಮಲಗಿದ್ದಾನೆಯೇ, ಕಳಿಸಲೇ ಇಲ್ಲವೇ ಎಂಬುದನ್ನು ಜೈಲು ಅಧೀಕ್ಷಕರ ಸಹಿಯೊಂದಿಗೆ ಅದೇ ದಿನ ಬರೆಸಿಕೊಳ್ಳಬೇಕು. ಆ ಹಾಳೆ ಉತ್ತರಪತ್ರಿಕೆಗಳ ಬಂಡಲ್ ಜೊತೆಗೇ ಹೊರಗೆ ಹೋದರೆ, ಮುಂದಿನ ಜೂನ್ ಅಥವಾ ಡಿಸೆಂಬರಿನ ಪಟ್ಟಿ ತಯಾರಿಸುವವರಿಗೆ ಯಾರನ್ನು ಯಾವ ಜೈಲಿನಲ್ಲಿ ಹುಡುಕಬೇಕೆಂಬುದು ತಿಳಿದಿರುತ್ತದೆ.